ಅದೇ ತೋಟ, ಹೊಸ ಪ್ರಶ್ನೆ

ಸಂಶೋಧನಾ ವಿದ್ಯಾರ್ಥಿಗಳ ಬರವಣಿಗೆಗೆ ಸಲಹೆ ನೀಡುವುದು ನನ್ನ ಕೆಲಸ. ಇಲ್ಲಿನ ವಿದ್ಯಾರ್ಥಿನಿಯನ್ನು ಸು. ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊಬೈಲಿನಲ್ಲಿ ತೆಗೆದ ಚಿತ್ರದಿಂದ ಅಡಿಕೆಯ ಎಲೆಚುಕ್ಕಿ ರೋಗವನ್ನು ಕಂಪ್ಯೂಟರ್ ಗುರುತಿಸುವಂತೆ ಮಾಡುವುದು ಸು. ಅವರ ವಿಷಯ. ಮಲೆನಾಡಿನ ಮೂರು ತೋಟಗಳಿಂದ 2,400 ಚಿತ್ರ ತೆಗೆದು, ಆರು ಪುಟದ ಸಮ್ಮೇಳನ ಪ್ರಬಂಧ ಪ್ರಕಟಿಸಿದ್ದರು. ನಿಖರತೆ ಶೇ. 94. ಅದನ್ನೇ ಹದಿನಾಲ್ಕು ಪುಟಕ್ಕೆ ಹಿಗ್ಗಿಸಿ ಜರ್ನಲ್‌ಗೆ ಕಳುಹಿಸಿದಾಗ, ವಿಮರ್ಶಕರಿಗೂ ಹೋಗದೆ ಸಂಪಾದಕರಿಂದಲೇ ಹಿಂದಿರುಗಿತು. ಈಗಾಗಲೇ ಪ್ರಕಟವಾದ ಬರಹಗಳೊಂದಿಗೆ ಸಾಮ್ಯತೆ ಶೇ. 58, ಅದರಲ್ಲಿ 46 ಅವರದೇ ಹಳೆಯ ಪ್ರಬಂಧದ್ದು.

"ಮೇಡಂ, ನನ್ನ ವಾಕ್ಯವನ್ನು ನಾನೇ ಬಳಸಿದರೆ ಅದು ಕಳ್ಳತನವೇ?" ಎಂದು ಕೇಳಿದರು. ಕೈಯಲ್ಲಿ ಎರಡನೆಯ ಕರಡು ಇತ್ತು. ಎರಡು ವಾರ ಕುಳಿತು ಪ್ರತಿ ವಾಕ್ಯದಲ್ಲೂ ಪದಗಳನ್ನು ಬದಲಿಸಿ ಸಾಮ್ಯತೆಯನ್ನು 21ಕ್ಕೆ ಇಳಿಸಿದ್ದರು. ಓದಿ ನನಗೆ ಬೇಸರವಾಯಿತು. ಮೊದಲು ಸ್ಪಷ್ಟವಾಗಿದ್ದ ವಿಧಾನದ ವಿವರಣೆ ಈಗ ತೊಡಕಾಗಿತ್ತು. ಹೊಸದಾಗಿ ಏನೂ ಸೇರಿರಲಿಲ್ಲ.

ಸಮ್ಮೇಳನದ ಪ್ರಬಂಧವನ್ನು ಬೆಳೆಸಿ ಜರ್ನಲ್‌ಗೆ ಕೊಡುವುದು ಅವರ ಕ್ಷೇತ್ರದಲ್ಲಿ ಒಪ್ಪಿತ ರೂಢಿ ಎಂದು ಮೊದಲು ಹೇಳಿದೆ. ಕಂಪ್ಯೂಟರ್ ವಿಜ್ಞಾನದ ಅಂತರರಾಷ್ಟ್ರೀಯ ಸಂಘ ಎಸಿಎಂ ತನ್ನ ಜರ್ನಲ್‌ಗಳಿಗೆ ಕನಿಷ್ಠ ಶೇ. 25 ಹೊಸ ವಿಷಯ ಕೇಳುತ್ತದೆ, ಶೇ. 30 ಕೇಳುವ ಜರ್ನಲ್‌ಗಳೂ ಇವೆ. ಆದರೆ ಈ ಅಂಕಿ ಹೊಸ ಸಂಶೋಧನೆಯ ಅಳತೆ. ಸಾಮ್ಯತೆ ವರದಿ ಅಳೆಯುವುದು ಪದಗಳ ಹೊಂದಾಣಿಕೆಯನ್ನು. ಸು. ಎರಡನೆಯದನ್ನು ಸರಿಪಡಿಸಿ ಮೊದಲನೆಯದು ಸರಿಹೋಯಿತೆಂದುಕೊಂಡಿದ್ದರು. ಹಳೆಯ ಪ್ರಬಂಧವನ್ನು ಉಲ್ಲೇಖಿಸಿಯೂ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತಪ್ಪು ಅದೇ: ಓದುವವರಿಗೆ ಎಲ್ಲವೂ ಹೊಸದೆಂಬ ಭಾವನೆ ಬರುತ್ತಿತ್ತು.

"ಹಳೆಯ ಪ್ರಬಂಧ ಉತ್ತರಿಸದೆ ಬಿಟ್ಟ ಪ್ರಶ್ನೆ ಯಾವುದು?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಸಮ್ಮೇಳನದಲ್ಲಿ ಯಾರೋ ಕೇಳಿದ್ದನ್ನು ನೆನಪಿಸಿಕೊಂಡರು: ಯಂತ್ರಕ್ಕೆ ಕಲಿಸಲು ಬಳಸಿದ ಚಿತ್ರ, ಅದನ್ನು ಪರೀಕ್ಷಿಸಲು ಬಳಸಿದ ಚಿತ್ರ ಎರಡೂ ಒಂದೇ ಮರದವೇ? ಹೌದು. ಪ್ರತಿ ಮರದ ಹತ್ತಾರು ಚಿತ್ರಗಳಿದ್ದವು; ಎಲ್ಲವನ್ನೂ ಕಲಸಿ ಎರಡು ಪಾಲು ಮಾಡಿದ್ದರು. ಹಾಗಾಗಿ ಯಂತ್ರ ರೋಗವನ್ನು ಕಲಿತಿತ್ತೋ, ಆ ಮರದ ಹಿಂದಿನ ಬೆಳಕು ನೆರಳನ್ನು ಕಲಿತಿತ್ತೋ ತಿಳಿಯುವಂತಿರಲಿಲ್ಲ.

ಜರ್ನಲ್ ಲೇಖನದ ತಿರುಳು ಅಲ್ಲಿತ್ತು. ಇನ್ನೆರಡು ತೋಟಗಳ ಚಿತ್ರ ತೆಗೆಯುವುದು. ನಾಲ್ಕು ತೋಟಗಳಲ್ಲಿ ಕಲಿಸಿ ಯಂತ್ರ ನೋಡಿರದ ಐದನೆಯದರಲ್ಲಿ ಪರೀಕ್ಷಿಸುವುದು. ಹೀಗೆ ಐದು ಸುತ್ತು. ಎರಡು ತಿಂಗಳ ನಂತರ ಫಲಿತಾಂಶ ಬಂತು: ಸರಾಸರಿ ಶೇ. 78. ಸು. ಕಂಗಾಲಾದರು. "ಹಳೆಯದು ಸುಳ್ಳೆಂದು ನಾನೇ ಬರೆದಂತಾಗುವುದಿಲ್ಲವೇ?" ಅವರ ಮಾರ್ಗದರ್ಶಕರಿಗೂ ಇದೇ ಅಳುಕು. ಹಳೆಯ ಅಂಕಿ ಸುಳ್ಳಲ್ಲ, ಅದರ ವ್ಯಾಪ್ತಿ ಸಣ್ಣದು ಎಂದು ಇಬ್ಬರಿಗೂ ವಿವರಿಸಿದೆ. 94 ಏಕೆ 78 ಆಯಿತು ಎಂಬುದನ್ನೇ ಪೀಠಿಕೆಯಲ್ಲಿ ಪ್ರಶ್ನೆಯಾಗಿ ಇಡಲು ಹೇಳಿದೆ.

ಬರವಣಿಗೆಯ ಸಲಹೆ ಆಮೇಲೆ ಸುಲಭವಾಯಿತು. ಹಳೆಯ ಕಡತವನ್ನು ಮುಚ್ಚಿ ಖಾಲಿ ಪುಟದಿಂದ ಆರಂಭಿಸಬೇಕು. ಪ್ರಶ್ನೆ ಬದಲಾದುದರಿಂದ ಪೀಠಿಕೆ, ಹಿಂದಿನ ಕೆಲಸಗಳ ವಿಮರ್ಶೆ, ಚರ್ಚೆ ತಾವಾಗಿಯೇ ಬೇರೆಯಾಗುತ್ತವೆ. ಬದಲಾಗದ ಭಾಗವೆಂದರೆ ಚಿತ್ರ ಸಂಗ್ರಹದ ವಿಧಾನ. ಅದನ್ನು ಒಂದು ಪ್ಯಾರಾಕ್ಕೆ ಇಳಿಸಿ, ಪೂರ್ಣ ವಿವರಕ್ಕೆ ಹಳೆಯ ಪ್ರಬಂಧವನ್ನು ಉಲ್ಲೇಖಿಸಿದರೆ ಸಾಕು. ತಾಂತ್ರಿಕ ವಾಕ್ಯವೊಂದು ಹಾಗೆಯೇ ಉಳಿದರೂ ಅದನ್ನು ತಿರುಚಬಾರದು. ಹಳೆಯ ನಕ್ಷಾಚಿತ್ರದ ಹಕ್ಕು ಪ್ರಕಾಶಕರಿಗೆ ಹೋಗಿದ್ದುದರಿಂದ, ಅದನ್ನು ಬಿಟ್ಟು ಹೊಸ ಪರೀಕ್ಷೆಗೆ ಹೊಂದುವ ಚಿತ್ರವನ್ನೇ ಬರೆಸಿದೆ. ಹಳೆಯ ಕೋಷ್ಟಕದಿಂದ ಉಳಿದದ್ದು ಒಂದು ಸಾಲು, ಅದೂ ಉಲ್ಲೇಖದೊಂದಿಗೆ.

ಪೀಠಿಕೆಯ ಕೊನೆಗೆ ಮೂರು ವಾಕ್ಯ ಸೇರಿಸಿದೆವು: ಇದು ಇಂಥ ಸಮ್ಮೇಳನ ಪ್ರಬಂಧದ ವಿಸ್ತರಣೆ, ಅಲ್ಲಿ ಮೂರು ತೋಟ, ಇಲ್ಲಿ ಐದು, ತೋಟವಾರು ಪರೀಕ್ಷೆ ಮತ್ತು ತಪ್ಪುಗಳ ವಿಶ್ಲೇಷಣೆ ಪೂರ್ತಿ ಹೊಸದು. ಸಂಪಾದಕರ ಪತ್ರದಲ್ಲೂ ಅದನ್ನೇ ಬರೆದು, ಹಳೆಯ ಪ್ರಬಂಧದ ಪ್ರತಿಯನ್ನು ಜೊತೆಗೆ ಲಗತ್ತಿಸಿದರು. ಶೀರ್ಷಿಕೆಯೂ ಬದಲಾಯಿತು.

ಈ ಬಾರಿಯ ವರದಿಯಲ್ಲಿ ಒಟ್ಟು ಶೇ. 17, ಹಳೆಯ ಪ್ರಬಂಧದ್ದು 7. ಆ 7 ಎಲ್ಲಿದೆ ಎಂದು ಬಣ್ಣ ಹಚ್ಚಿದ ಪುಟಗಳನ್ನು ತಿರುವಿ ನೋಡಿದೆವು. ಬಹುಪಾಲು ವಿಧಾನದ ಪ್ಯಾರಾದಲ್ಲಿತ್ತು. ಫಲಿತಾಂಶ ಮತ್ತು ಚರ್ಚೆಯಲ್ಲಿ ಒಂದು ಸಾಲೂ ಇರಲಿಲ್ಲ. ಲೇಖನ ವಿಮರ್ಶಕರಿಗೆ ಹೋಯಿತು. ಒಬ್ಬರು, ಐದನೆಯ ತೋಟದಲ್ಲಷ್ಟೇ ನಿಖರತೆ ಏಕೆ ಅಷ್ಟು ಕುಸಿದಿದೆ ಎಂದು ಕೇಳಿದ್ದಾರೆ. ಅಲ್ಲಿ ಅಡಿಕೆಯ ನಡುವೆ ಬಾಳೆ ದಟ್ಟವಾಗಿದೆ, ನೆರಳು ಹೆಚ್ಚು. ಸು. ಮತ್ತೆ ಕ್ಯಾಮೆರಾ ಹಿಡಿದು ಆ ತೋಟಕ್ಕೆ ಹೋಗಿದ್ದಾರೆ.