ಕರೆ ಮಾಡಿದವರ ಹೆಸರು ಬರುತ್ತೆ, ಹಾಡಿನ ಹೆಸರು ಯಾಕೆ ಬರಲ್ಲ?

ಪ್ರಶ್ನೆ: ನನ್ನದು 2016ರ ಕಾರು. ಬ್ಲೂಟೂತ್‌ನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಕರೆ ಬಂದರೆ ಮಾಡಿದವರ ಹೆಸರೂ ಪರದೆ ಮೇಲೆ ಬರುತ್ತದೆ. ಆದರೆ ಹೊಸ ಫೋನ್ ತಗೊಂಡ ಮೇಲೆ ಹಾಡಿನ ಹೆಸರು ಬರುವ ಜಾಗ ಖಾಲಿ. ಹಳೇ ಫೋನ್‌ನಲ್ಲಿ ಬರ್ತಿತ್ತು. ಅಂಗಡಿಯವರು ಸ್ಟೀರಿಯೊ ಬದಲಾಯಿಸಿ ಅಂತಾರೆ. ಬದಲಾಯಿಸಲೇಬೇಕಾ ಸರ್?
— ಓದುಗರೊಬ್ಬರು, ಹಾಸನ

ಉತ್ತರ: ಈಗಲೇ ಬದಲಾಯಿಸಬೇಡಿ. ಹಳೇ ಫೋನ್‌ನಲ್ಲಿ ಹೆಸರು ಬರ್ತಿತ್ತು ಅಂದರೆ, ಅದನ್ನು ಕೇಳಿ ಪಡೆಯುವುದು ನಿಮ್ಮ ಸ್ಟೀರಿಯೊಗೆ ಗೊತ್ತಿದೆ. ತೊಡಕು ಇರುವುದು ಬಹುಶಃ ಅದಕ್ಕೂ ಹೊಸ ಫೋನಿಗೂ ನಡೆಯುವ ಮಾತುಕತೆಯಲ್ಲಿ.

ಕಾರಿಗೆ ಬ್ಲೂಟೂತ್ ಸೇರಿಸಿದಾಗ ಒಂದೇ ಸಂಪರ್ಕ ಆಯಿತು ಅಂತ ನಮಗೆ ಅನಿಸುತ್ತದೆ. ನಿಜವಾಗಿ ಒಳಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಒಪ್ಪಂದಗಳು ಆಗುತ್ತವೆ. ಒಂದೊಂದು ಒಪ್ಪಂದವನ್ನೂ ಪ್ರೊಫೈಲ್ ಅನ್ನುತ್ತಾರೆ. ಕರೆಯದ್ದು ಎಚ್‌ಎಫ್‌ಪಿ. ಇಲ್ಲಿ ಧ್ವನಿ ಎರಡೂ ಕಡೆಗೆ ಹೋಗಬೇಕು, ತಡವಾಗಬಾರದು. ಅದಕ್ಕೇ ಸೆಕೆಂಡಿಗೆ 64 ಕಿಲೋಬಿಟ್‌ನಷ್ಟು ಸಣ್ಣ ದಾರಿಯನ್ನು ಕರೆಗೆಂದೇ ಮೀಸಲಿಡುತ್ತಾರೆ. ಮಾತಿಗೆ ಅದು ಸಾಕು, ಹಾಡಿಗೆ ಸಾಲದು. ಹಾಡಿನದ್ದು ಎ2ಡಿಪಿ. ಫೋನ್‌ನಿಂದ ಕಾರಿಗೆ ಒಂದೇ ಕಡೆಗೆ ಹರಿಯುತ್ತದೆ, ಎಡ ಬಲ ಎರಡೂ ಸ್ಪೀಕರ್‌ಗೆ ಬೇರೆ ಬೇರೆ ಧ್ವನಿ ಇರುತ್ತದೆ, ಸೆಕೆಂಡಿಗೆ ಸುಮಾರು 300 ಕಿಲೋಬಿಟ್ ತನಕ ಹೋಗಬಹುದು. ಸ್ವಲ್ಪ ತಡವಾದರೂ ಹಾಡು ಕೇಳುವವರಿಗೆ ಗೊತ್ತಾಗಲ್ಲ. ಕರೆ ಬಂದ ತಕ್ಷಣ ಹಾಡು ನಿಲ್ಲುವುದು ಇದಕ್ಕೇ: ಕಾರು ಒಂದು ದಾರಿ ನಿಲ್ಲಿಸಿ ಇನ್ನೊಂದಕ್ಕೆ ಹೊರಳುತ್ತದೆ.

ಈಗ ಮುಖ್ಯ ವಿಷಯ. ಎ2ಡಿಪಿ ಹೊತ್ತು ತರುವುದು ಬರೀ ಧ್ವನಿ. ಹಾಡಿನ ಹೆಸರು ಅದರಲ್ಲಿ ಇರುವುದೇ ಇಲ್ಲ. ಹೆಸರು ಬರುವುದು ಎವಿಆರ್‌ಸಿಪಿ ಅನ್ನುವ ಮೂರನೇ ಪ್ರೊಫೈಲ್‌ನಿಂದ. ಇದು ಮೂಲತಃ ರಿಮೋಟ್ ಕಂಟ್ರೋಲ್. ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿದರೆ ಮುಂದಿನ ಹಾಡು ಬರುವುದು ಇದರಿಂದಲೇ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಗುಂಡಿಗಳ ಕೆಲಸ ಮಾತ್ರ. ಹಾಡಿನ ಹೆಸರು, ಹಾಡಿದವರು, ಆಲ್ಬಂ ಇವೆಲ್ಲ ಸೇರಿದ್ದು 2007ರಲ್ಲಿ ಬಂದ 1.3 ಆವೃತ್ತಿಯಲ್ಲಿ. ಆಲ್ಬಂನ ಚಿತ್ರ ಕಳಿಸುವುದು ಇನ್ನೂ ಆಮೇಲೆ, 1.6ರಲ್ಲಿ.

ಹಾಗಾದರೆ ಕರೆ ಮಾಡಿದವರ ಹೆಸರು? ಅದು ಇನ್ನೊಂದೇ ದಾರಿ. ಫೋನ್‌ಬುಕ್ ಹಂಚುವ ಪ್ರೊಫೈಲ್ ಬೇರೆಯೇ ಇದೆ. ನೀವು ಒಪ್ಪಿಗೆ ಕೊಟ್ಟಾಗ ಕಾರು ಹೆಸರು, ನಂಬರ್‌ಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳುತ್ತದೆ. ಕರೆ ಬಂದಾಗ ನಂಬರ್ ನೋಡಿ ಹೆಸರು ಹುಡುಕುತ್ತದೆ. ಹಾಗಾಗಿ ‘ಕರೆಯ ಹೆಸರು ಬರುತ್ತೆ’ ಅನ್ನುವುದರಿಂದ ಹಾಡಿನ ಹೆಸರಿನ ಬಗ್ಗೆ ಏನೂ ತಿಳಿಯಲ್ಲ. ತುಂಬಾ ಜನ ದಾರಿ ತಪ್ಪುವುದೇ ಇಲ್ಲಿ.

ಮೊದಲು ಒಂದು ಸುಲಭ ಪರೀಕ್ಷೆ ಮಾಡಿ. ಗಾಡಿ ನಿಲ್ಲಿಸಿ, ಹಾಡು ಹಾಕಿ, ಸ್ಟೀರಿಂಗ್‌ನ ಮುಂದಿನ ಹಾಡಿನ ಗುಂಡಿ ಒತ್ತಿ. ಹಾಡು ಬದಲಾಗದಿದ್ದರೆ ರಿಮೋಟ್‌ನ ಸಂಪರ್ಕವೇ ಆಗಿಲ್ಲ. ಆಗ ಫೋನ್‌ನಲ್ಲಿ ಕಾರನ್ನು, ಕಾರಿನಲ್ಲಿ ಫೋನನ್ನು ಅಳಿಸಿ ಹೊಸದಾಗಿ ಜೋಡಿಸಿ. ಹಾಡು ಬದಲಾಯಿತು, ಆದರೂ ಹೆಸರಿಲ್ಲ ಅಂದರೆ ರಿಮೋಟ್ ಸರಿಯಿದೆ, ಮಾಹಿತಿ ಮಾತ್ರ ಎಲ್ಲೋ ನಿಲ್ಲುತ್ತಿದೆ.

ಆಮೇಲೆ ಬೇರೆ ಆ್ಯಪ್‌ನಲ್ಲಿ ಹಾಡು ಹಾಕಿ ನೋಡಿ. ಕಾರಿಗೆ ಹೆಸರು ಕೊಡುವುದು ಫೋನ್, ಫೋನ್‌ಗೆ ಕೊಡುವುದು ಆ್ಯಪ್. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹಾಡಿನ ಫೈಲ್‌ನೊಳಗೆ ಹೆಸರೇ ಬರೆದಿಲ್ಲದಿದ್ದರೆ ಕಾರು ಏನು ತೋರಿಸಬೇಕು ಹೇಳಿ? ಫೋನ್‌ನ ಲಾಕ್ ಪರದೆ ನೋಡಿ. ಅಲ್ಲೂ ಹಾಡಿನ ಹೆಸರು ಇಲ್ಲ ಅಂದರೆ ಕಾರನ್ನು ದೂರಬೇಡಿ.

ಲಾಕ್ ಪರದೆಯಲ್ಲಿ ಇದೆ, ಕಾರಿನಲ್ಲಿ ಇಲ್ಲ ಅಂದರೆ ಎವಿಆರ್‌ಸಿಪಿ ಆವೃತ್ತಿಯ ಮೇಲೆ ನನಗೆ ಅನುಮಾನ. ನನ್ನ ಭಾವನ ಕಾರಿನಲ್ಲಿ ಇದೇ ಆಗಿತ್ತು. ಫೋನ್ ಅಪ್‌ಡೇಟ್ ಆದ ಮಾರನೇ ದಿನದಿಂದ ಹೆಸರು ಮಾಯ. ಗುಂಡಿಗಳು ಕೆಲಸ ಮಾಡುತ್ತಿದ್ದವು, ಲಾಕ್ ಪರದೆಯಲ್ಲಿ ಹೆಸರೂ ಇತ್ತು. ಜೋಡಿಸುವಾಗ ಫೋನ್ ‘ನನ್ನದು ಇಂಥ ಆವೃತ್ತಿ’ ಅಂತ ಹೇಳಿಕೊಳ್ಳುತ್ತದೆ. ಹೊಸ ಆವೃತ್ತಿಯ ಸಂಖ್ಯೆ ಕಂಡರೆ ಕೆಲವು ಹಳೇ ಸ್ಟೀರಿಯೊಗಳು ತಡವರಿಸುತ್ತವೆ. ಹಾಗಾಗಿ ಫೋನ್ ಹೇಳಿಕೊಳ್ಳುವ ಆವೃತ್ತಿಯನ್ನೇ ಇಳಿಸಿದೆವು.

ನಿಮ್ಮದು ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಫೋನ್‌ನ ಮಾಹಿತಿ ಇರುವ ಕಡೆ `Build number` ಹುಡುಕಿ, ಅದರ ಮೇಲೆ ಏಳು ಸಲ ಒತ್ತಿ. `Developer options` ತೆರೆದುಕೊಳ್ಳುತ್ತದೆ. ಅದರಲ್ಲಿ `Bluetooth AVRCP Version` ಅಂತ ಇರುತ್ತದೆ. ಈಗ ಅಲ್ಲಿ ಏನಿದೆ ಅಂತ ಬರೆದಿಟ್ಟುಕೊಂಡು 1.3 ಆರಿಸಿ. ಇಷ್ಟಕ್ಕೇ ಆಗಲ್ಲ. ಫೋನ್ ಮೊದಲ ಸಲ ಹೇಳಿದ್ದನ್ನು ಕಾರು ನೆನಪಿಟ್ಟುಕೊಂಡಿರಬಹುದು. ಹಾಗಾಗಿ ಎರಡೂ ಕಡೆ ಅಳಿಸಿ, ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ, ಮತ್ತೆ ಜೋಡಿಸಿ. ಭಾವ ಮೊದಲ ಸಲ ಅಳಿಸದೆ ಸುಮ್ನೆ ಆವೃತ್ತಿ ಬದಲಾಯಿಸಿ ‘ಏನೂ ಆಗಲಿಲ್ಲ’ ಅಂದಿದ್ದರು. ಅಳಿಸಿ ಜೋಡಿಸಿದ ಮೇಲೆ ಮೊದಲ ಹಾಡಿಗೇ ಹೆಸರು ಬಂತು. 1.3ಕ್ಕೆ ಇಳಿಸಿದರೆ ಆಲ್ಬಂ ಚಿತ್ರ, ಕಾರಿನ ಪರದೆಯಲ್ಲೇ ಹಾಡಿನ ಪಟ್ಟಿ ನೋಡುವುದು ಇವು ಸಿಗಲ್ಲ. ಉಪಯೋಗ ಆಗದಿದ್ದರೆ ಬರೆದಿಟ್ಟ ಆವೃತ್ತಿಗೇ ವಾಪಸ್ ಬನ್ನಿ. ಐಫೋನ್‌ನಲ್ಲಿ ಈ ಆಯ್ಕೆ ಇಲ್ಲ, ಅಳಿಸಿ ಜೋಡಿಸುವುದಷ್ಟೇ.

ಕೆಲವರಿಗೆ ಮೊದಲ ಹಾಡಿನ ಹೆಸರು ಬಂದು ಅಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೆ ಕಾರಣ ಬೇರೆ. ‘ಹಾಡು ಬದಲಾದರೆ ತಿಳಿಸು’ ಅಂತ ಕಾರು ಫೋನ್‌ಗೆ ಹೇಳಿರುತ್ತದೆ. ಫೋನ್ ಒಂದು ಸಲ ತಿಳಿಸಿದರೆ ಆ ಕೋರಿಕೆ ಮುಗಿಯಿತು, ಕಾರು ಮತ್ತೆ ಕೇಳಬೇಕು. ಕಾರು ಕೇಳಲು ಮರೆತರೆ ಹೆಸರು ಬದಲಾಗಲ್ಲ. ಇದನ್ನು ಸರಿಮಾಡಲು ಸ್ಟೀರಿಯೊದ ಸಾಫ್ಟ್‌ವೇರ್ ಅಪ್‌ಡೇಟ್ ಬೇಕು.

ಇನ್ನು ಕನ್ನಡದ ಹೆಸರುಗಳು. ಇಂಗ್ಲಿಷ್ ಹೆಸರು ಸರಿಯಾಗಿ ಬಂದು, ಕನ್ನಡದ್ದು ಮಾತ್ರ ಚೌಕಗಳಾಗಿ ಅಥವಾ ಖಾಲಿಯಾಗಿ ಬಂದರೆ ಬ್ಲೂಟೂತ್‌ನ ತಪ್ಪಲ್ಲ. ಅಕ್ಷರಗಳು ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಕಾರಿನ ತನಕ ಬಂದಿವೆ, ತೋರಿಸಲು ಸ್ಟೀರಿಯೊದಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೆ. ಕನ್ನಡಕ್ಕೆ ಜಾಗವೂ ಜಾಸ್ತಿ ಬೇಕು. `beladingalu` ಅಂತ ಬರೆದರೆ 11 ಬೈಟ್. ‘ಬೆಳದಿಂಗಳು’ ಅಂತ ಬರೆದರೆ ಅಕ್ಷರ, ಸ್ವರಚಿಹ್ನೆ, ಸೊನ್ನೆ ಸೇರಿ 9 ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 27. ಇಷ್ಟೇ ಬೈಟ್ ಅಂತ ಮಿತಿ ಇಟ್ಟಿರುವ ಸ್ಟೀರಿಯೊದಲ್ಲಿ ಕನ್ನಡದ ಹೆಸರು ಬೇಗ ತುಂಡಾಗುತ್ತದೆ. ನಮ್ಮ ಲಿಪಿಗೆ ಕಾರು ತಯಾರಿಸುವವರು ಜಾಗ ಕೊಡಲೇಬೇಕು, ಇಲ್ಲೇ ಮಾರುವ ಕಾರು ತಾನೇ. ಸದ್ಯಕ್ಕೆ ಸ್ವಂತ ಫೈಲ್‌ಗಳಾದರೆ ಟ್ಯಾಗ್ ಎಡಿಟರ್ ಆ್ಯಪ್‌ನಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬಹುದು. ಫೈಲ್‌ನ ಹೆಸರು ಬದಲಾಯಿಸಿದರೆ ಸಾಲದು, ಒಳಗಿನ ಟೈಟಲ್ ಟ್ಯಾಗ್ ಬದಲಾಗಬೇಕು.

1.3ಕ್ಕೆ ಇಳಿಸಿ ಜೋಡಿಸಿದರೂ ಬರದಿದ್ದರೆ ಹಳೇ ಫೋನನ್ನು ಒಮ್ಮೆ ಮತ್ತೆ ಸೇರಿಸಿ ನೋಡಿ. ಅದರಲ್ಲಿ ಈಗಲೂ ಹೆಸರು ಬಂದರೆ ಸ್ಟೀರಿಯೊ ಚೆನ್ನಾಗಿಯೇ ಇದೆ, ಹೊಸ ಫೋನ್‌ನ ಮುಂದಿನ ಅಪ್‌ಡೇಟ್‌ಗೆ ಕಾಯಬಹುದು. ಅದರಲ್ಲೂ ಬರದಿದ್ದರೆ ಮಾತ್ರ ಅಂಗಡಿಯವರ ಮಾತಿನ ಬಗ್ಗೆ ಯೋಚಿಸಿ.