ಮಾರ್ಚ್ 31ಕ್ಕೆ ಉಳಿದ ಅನುದಾನವನ್ನು ಮುಂದಿನ ವರ್ಷಕ್ಕೆ ಒಯ್ಯುವುದು

ಪ್ರಶ್ನೆ: ಮಡಿಕೇರಿಯ ನಮ್ಮ ಸಂಸ್ಥೆಗೆ ಬಂದ ಕೇಂದ್ರದ ಅನುದಾನದಲ್ಲಿ ಹಣ ಉಳಿದಿದೆ. ಏಪ್ರಿಲ್‌ನಲ್ಲಿ ಖರ್ಚು ಮಾಡಬಹುದೇ?

ಅನುದಾನ ಕೊಟ್ಟ ಇಲಾಖೆ ಲಿಖಿತವಾಗಿ ಒಪ್ಪಿದರೆ ಮಾಡಬಹುದು. ಆ ಹಣ ಮಂಜೂರಾದ ವರ್ಷದ, ಮಂಜೂರಾದ ಕೆಲಸದ ಲೆಕ್ಕಕ್ಕೆ ಸೇರಿದ್ದು. ನಿಮ್ಮ ಖಾತೆಯಲ್ಲಿದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಹೆಚ್ಚಿನವರು ಎಡವುವುದು ಬಾಕಿ ಬಿಲ್ಲಿನಲ್ಲಿ. 10 ಲಕ್ಷ ಬಂದು 7 ಲಕ್ಷ ಪಾವತಿಯಾಗಿದೆ, ಚಾವಣಿ ದುರಸ್ತಿಗೆ 2 ಲಕ್ಷದ ಕಾರ್ಯಾದೇಶ ಕೊಟ್ಟಿದ್ದೀರಿ ಎನ್ನೋಣ. ಬಿಲ್ ಪಾವತಿಯಾಗದಿದ್ದರೆ ಅದು ಖರ್ಚಲ್ಲ. ಆದ್ದರಿಂದ ಬಳಕೆ ಪ್ರಮಾಣಪತ್ರದಲ್ಲಿ (ನಮೂನೆ 12-ಎ) ಉಳಿಕೆ 3 ಲಕ್ಷ ಎಂದೇ ತೋರಿಸಿ. ಆ 2 ಲಕ್ಷದ ಕಾರ್ಯಾದೇಶದ ಪ್ರತಿಯನ್ನು ಮನವಿಗೆ ಲಗತ್ತಿಸಿ, ಜೂನ್ ಮಳೆಗೆ ಮೊದಲೇ ಕೆಲಸ ಮುಗಿಯಬೇಕೆಂದು ಕಾರಣ ಬರೆಯಿರಿ. ಬ್ಯಾಂಕ್ ಬಡ್ಡಿಯನ್ನು ಉಳಿಕೆಯೊಳಗೆ ಬೆರೆಸಬೇಡಿ. ಅದನ್ನು ಸರ್ಕಾರಕ್ಕೆ ಮರಳಿಸಬೇಕು.

ಒಪ್ಪಿಗೆ ಬಂದರೂ ಮುಂದಿನ ಕಂತಿನಲ್ಲಿ ಈ 3 ಲಕ್ಷವನ್ನು ಸಾಮಾನ್ಯವಾಗಿ ಕಳೆದೇ ಕೊಡುತ್ತಾರೆ.