ಹೊಟ್ಟಿರೋ ತಲೆಗೆ ರಾತ್ರಿಯಿಡೀ ಎಣ್ಣೆ ಯಾಕೆ ಬೇಡ

ಪ್ರಶ್ನೆ: ಮುಂಬೈ ಪಕ್ಕದ ಠಾಣೆ ಊರಿಗೆ ಬಂದು ಏಳು ತಿಂಗಳಾಯ್ತು, ಕೂದಲು ಸಿಕ್ಕಾಪಟ್ಟೆ ಉದುರ್ತಿದೆ, ಹೊಟ್ಟೂ ಇದೆ. ಅಮ್ಮ ದಿನಾ ರಾತ್ರಿ ಎಣ್ಣೆ ಹಚ್ಕೊಂಡು ಮಲಗು ಅಂತಾರೆ, ಹಚ್ಚಿದ್ರೆ ಇನ್ನೂ ಉದುರುತ್ತೆ. ಕೊಬ್ಬರಿ ಎಣ್ಣೆ ಒಳ್ಳೇದಾ ನೆಲ್ಲಿಕಾಯಿ ಎಣ್ಣೆನಾ? ರಾತ್ರಿಯಿಡೀ ಬಿಡಬಹುದಾ?

ರಾತ್ರಿಯಿಡೀ ಬಿಡಬೇಡಿ. ಹೊಟ್ಟು ಹೋಗೋ ತನಕ ಬುಡಕ್ಕೆ ಎಣ್ಣೆ ಮುಟ್ಟಿಸೋದೇ ಬೇಡ. ಆದ್ರೆ ಕೂದಲಿನ ಉದ್ದಕ್ಕೆ, ತುದಿಗೆ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ, ಅದ್ರಿಂದ ನಿಜವಾಗ್ಲೂ ಉಪಯೋಗ ಇದೆ. ನಾನು ಪುಣೆ ಭೋಸರಿಯಲ್ಲಿ ಶಾಂಪೂ, ಹೇರ್ ಆಯಿಲ್ ತಯಾರು ಮಾಡೋ ಒಂದು ಸಣ್ಣ ಫ್ಯಾಕ್ಟರಿಲಿ ಕೆಮಿಸ್ಟ್, ಹನ್ನೊಂದು ವರ್ಷ ಆಯ್ತು. ಊರು ಕುಮಟಾ ಕಡೆ, ಅಂದ್ರೆ ಮನೆ ಹಿಂದೇನೇ ತೆಂಗಿನ ತೋಟ, ಗಾಣದ ಎಣ್ಣೆಲೇ ಬೆಳೆದವಳು. ಹಾಗಾಗಿ ನಿಮ್ಮ ಅಮ್ಮ ಹೇಳೋದು ಎಲ್ಲಿಂದ ಬಂದಿದ್ದು ಅಂತ ನನಗೆ ಚೆನ್ನಾಗಿ ಗೊತ್ತು.

ಮೊದಲು ಎಣ್ಣೆ ಏನು ಮಾಡುತ್ತೆ ಅಂತ ನೋಡಿ. ತಲೆಯಿಂದ ಹೊರಗೆ ಬಂದಿರೋ ಕೂದಲಿಗೆ ಜೀವ ಇಲ್ಲ, ಅದು ಉಗುರಿನ ಹಾಗೆ ಬರೀ ಪ್ರೋಟೀನು. ಒದ್ದೆ ಆದಾಗ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ, ಉಬ್ಬಿದಾಗ ಮೇಲಿನ ಚಿಪ್ಪುಗಳು, ಮನೆ ಹಂಚಿನ ಥರ ಒಂದರ ಮೇಲೊಂದು ಕೂತಿರ್ತವಲ್ಲ, ಅವು ಏಳುತ್ತವೆ, ಆಗ ಬಾಚಿದ್ರೆ, ಟವೆಲ್‌ನಲ್ಲಿ ಉಜ್ಜಿದ್ರೆ ಕಿತ್ಕೊಂಡು ಹೋಗ್ತವೆ, ಶಾಂಪೂ ಜೊತೆ ಒಳಗಿನ ಪ್ರೋಟೀನೂ ಸ್ವಲ್ಪ ಸ್ವಲ್ಪ ತೊಳೆದು ಹೋಗುತ್ತೆ. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಸಿಡ್, ಅದರ ಕಣ ಚಿಕ್ಕದು, ನೆಟ್ಟಗಿರುತ್ತೆ, ಅದಕ್ಕೇ ಕೂದಲಿನ ಒಳಗೆ ಹೋಗಿ ಕೂರುತ್ತೆ. ಎಣ್ಣೆ ಕೂತ ಜಾಗಕ್ಕೆ ನೀರು ಅಷ್ಟು ಸುಲಭಕ್ಕೆ ನುಗ್ಗಲ್ಲ, ಉಬ್ಬೋದು ಕಮ್ಮಿ ಆಗುತ್ತೆ. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿನ ಮೇಲೆ ಹಾಕಿ ನೋಡಿದ್ರು, ಪ್ರೋಟೀನ್ ನಷ್ಟ ಕಮ್ಮಿ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದು ಕೊಬ್ಬರಿ ಎಣ್ಣೆ ಮಾರೋ ಕಂಪನಿಯದ್ದೇ ಲ್ಯಾಬ್ ಅನ್ನೋದನ್ನೂ ಹೇಳಿಬಿಡ್ತೀನಿ, ಆದ್ರೂ ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತೆ ಅನ್ನೋದು ಆಮೇಲೆ ಬೇರೆ ಪ್ರಯೋಗಗಳಲ್ಲೂ ಕಂಡಿದೆ.

ಈಗ ಗಮನಿಸಿ, ಇದೆಲ್ಲ ಆಗೋದು ಕೂದಲಿನ ಎಳೆಗೆ. ಕೂದಲು ಹುಟ್ಟೋ ಬೇರು ಚರ್ಮದ ಒಳಗಿದೆ, ಮೇಲೆ ಎಣ್ಣೆ ಸುರಿದ್ರೆ ಅದಕ್ಕೆ ಊಟ ಹಾಕಿದ ಹಾಗೆ ಆಗಲ್ಲ, ಅದಕ್ಕೆ ಬೇಕಾದ್ದೆಲ್ಲ ರಕ್ತದಿಂದ ಬರಬೇಕು. ಹಾಗಾಗಿ ಎಣ್ಣೆಯಿಂದ ತುಂಡಾಗೋ ಕೂದಲು ಕಮ್ಮಿ ಆಗಬಹುದು, ಬೇರಿಂದ ಉದುರೋ ಕೂದಲು ನಿಲ್ಲಲ್ಲ.

ನಿಮ್ಮದು ಯಾವುದು ಅಂತ ನೀವೇ ನೋಡ್ಕೋಬಹುದು. ಬಾಚಣಿಗೆಲಿ ಬಂದ ಇಪ್ಪತ್ತು ಕೂದಲು ತಗೊಂಡು ಬಿಳಿ ಹಾಳೆ ಮೇಲೆ, ಕಪ್ಪು ಬಟ್ಟೆ ಮೇಲಾದ್ರೆ ಇನ್ನೂ ಒಳ್ಳೇದು, ಇಟ್ಟು ಎರಡೂ ತುದಿ ನೋಡಿ. ಒಂದು ತುದಿಲಿ ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಗಂಟು ಇದ್ರೆ ಅದು ಬೇರಿಂದ ಬಂದ ಕೂದಲು. ಗಂಟಿಲ್ಲದೆ ಉದ್ದದಲ್ಲಿ ಗಿಡ್ಡ ಇದ್ರೆ ಮಧ್ಯದಲ್ಲಿ ಮುರಿದಿದ್ದು. ಗಂಟಿರೋ ಕೂದಲು ದಿನಕ್ಕೆ 50ರಿಂದ 100 ಉದುರೋದು ಸಹಜ. ಎಣ್ಣೆ ಹಚ್ಚಿದಾಗ ಜಾಸ್ತಿ ಉದುರುತ್ತೆ ಅಂದ್ರಲ್ಲ, ಅದಕ್ಕೂ ಕಾರಣ ಇದೇ, ಆಗಲೇ ಬೇರು ಬಿಟ್ಟು ಸುಮ್ಮನೆ ಕೂತಿದ್ದ ಕೂದಲು ಬೆರಳಾಡಿಸಿದ ತಕ್ಷಣ ಒಟ್ಟಿಗೆ ಕೈಗೆ ಬರುತ್ತೆ. ಅದನ್ನ ಎಣ್ಣೆ ಉದುರಿಸಿದ್ದಲ್ಲ, ಹಾಗೇ ಎಣ್ಣೆ ಅದನ್ನ ಉಳಿಸೋದೂ ಇಲ್ಲ.

ಹೊಟ್ಟಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಲಿ ನನಗೆ ಚಿಂತೆ ಆಗಿದ್ದು ಅದೇ. ಎಲ್ಲರ ತಲೆ ಮೇಲೂ ಮಲಸೇಜಿಯಾ ಅಂತ ಒಂದು ಶಿಲೀಂಧ್ರ ಇರುತ್ತೆ. ಅದು ತನಗೆ ಬೇಕಾದ ಕೊಬ್ಬನ್ನ ತಾನೇ ಮಾಡ್ಕೊಳ್ಳಲ್ಲ, ನಮ್ಮ ಚರ್ಮದ ಜಿಡ್ಡನ್ನ ಒಡೆದು ಅದರಲ್ಲಿ ಸ್ವಲ್ಪ ತಿಂದು ಉಳಿದಿದ್ದನ್ನ ಅಲ್ಲೇ ಬಿಡುತ್ತೆ, ಆ ಉಳಿದಿದ್ದು ಓಲಿಕ್ ಆಸಿಡ್ ಥರದ್ದು, ಅದು ಕೆಲವರ ಚರ್ಮ ಕೆರಳಿಸುತ್ತೆ, ಕೆರಳಿದ ಚರ್ಮ ಬೇಗ ಬೇಗ ಪದರ ಬಿಡುತ್ತೆ, ಅದೇ ಹೊಟ್ಟು. ಇಂಥ ತಲೆಗೆ ರಾತ್ರಿ ಎಣ್ಣೆ ಹಚ್ಚಿ ಮಲಗೋದು ಅಂದ್ರೆ ಆ ಶಿಲೀಂಧ್ರಕ್ಕೆ ಎಂಟು ಗಂಟೆ ಊಟ ಬಡಿಸಿದ ಹಾಗೆ, ಅದರ ಮೇಲೆ ನಿಮ್ಮ ಕಡೆಯ ಸೆಕೆ, ಬೆವರು ಬೇರೆ. ಮೋಸ ಆಗೋದು ಎಲ್ಲಿ ಅಂದ್ರೆ, ಎಣ್ಣೆ ಹಚ್ಚಿದ ತಕ್ಷಣ ಹೊಟ್ಟು ತಲೆಗೆ ಅಂಟಿಕೊಂಡು ಕಾಣದ ಹಾಗೆ ಆಗುತ್ತೆ, ತುರಿಕೆನೂ ಸ್ವಲ್ಪ ಹೊತ್ತು ತಗ್ಗುತ್ತೆ, ಹಾಗಾಗಿ ಕಮ್ಮಿ ಆಯ್ತು ಅಂತಲೇ ಎಲ್ಲರೂ ನಂಬ್ತಾರೆ, ತಲೆ ತೊಳೆದು ಒಣಗಿದ ಮರುದಿನ ನೋಡಿದ್ರೆ ಮೊದಲಿಗಿಂತ ಜಾಸ್ತಿ.

ಬರೀ ಒಣ ಚರ್ಮದ ಪುಡಿ ಬೇರೆ, ಅದು ಸಣ್ಣಗೆ ಬೆಳ್ಳಗೆ ಉದುರುತ್ತೆ, ಬುಡ ಕೆಂಪಗಿರಲ್ಲ, ಚಳಿಗಾಲದಲ್ಲಿ ಜಾಸ್ತಿ. ಹೊಟ್ಟಾದ್ರೆ ಸ್ವಲ್ಪ ಹಳದಿ, ಜಿಡ್ಡು, ಉಗುರಲ್ಲಿ ಕೆರೆದ್ರೆ ಅಂಟಿಕೊಳ್ಳುತ್ತೆ, ಹುಬ್ಬಿನಲ್ಲಿ, ಮೂಗಿನ ಪಕ್ಕ, ಕಿವಿ ಹಿಂದೆನೂ ಕೆಂಪು ಸಿಪ್ಪೆ ಕಾಣಬಹುದು.

ನನ್ನ ಅಕ್ಕನ ಮಗಳದ್ದು ಹೇಳ್ತೀನಿ, ನಿಮಗೆ ಹೋಲಿಸಿ ನೋಡೋಕೆ ಆಗುತ್ತೆ. ಕಾಲೇಜಿಗೆ ಅಂತ ಜೂನ್‌ನಲ್ಲಿ ಪುಣೆಗೆ ಬಂದ್ಲು, ಕೋಥ್ರೂಡ್‌ನಲ್ಲಿ ರೂಮು, ಅಜ್ಜಿ ಕೊಟ್ಟ ಎರಡು ಲೀಟರ್ ಗಾಣದ ಎಣ್ಣೆ ಜೊತೆಗೆ. ದಿನಾ ರಾತ್ರಿ ಹಚ್ಚೋದು, ಬೆಳಿಗ್ಗೆ ಹಾಗೇ ಜಡೆ ಹಾಕಿ ಸ್ಕಾರ್ಫ್ ಕಟ್ಟಿ ಹೆಲ್ಮೆಟ್ ಇಟ್ಟು ಹೋಗೋದು, ತಲೆಸ್ನಾನ ವಾರಕ್ಕೆ ಒಂದು ಸಲ. ಆಗಸ್ಟ್‌ನಲ್ಲಿ ಡೆಂಗ್ಯೂ ಆಯ್ತು. ಅಕ್ಟೋಬರ್ ಕೊನೆಗೆ ನಮ್ಮನೆಗೆ ಬಂದಾಗ ಹಣೆ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಗುಳ್ಳೆ, ಕೂದಲಿನ ಅಂಚಲ್ಲೇ ಜಾಸ್ತಿ, ತಲೇಲಿ ಹಳದಿ ಹೊಟ್ಟು, ಬಾತ್‌ರೂಮ್ ತುಂಬ ಕೂದಲು. "ಚಿಕ್ಕಿ, ಎಣ್ಣೆ ಇನ್ನೂ ಜಾಸ್ತಿ ಹಚ್ಲಾ?" ಅಂತ ಕೇಳಿದ್ಲು, ಪಾಪ ಅಳೋ ಹಾಗಿದ್ಲು.

ಅದರಲ್ಲಿ ಮೂರು ಬೇರೆ ಬೇರೆ ವಿಷಯ ಇತ್ತು. ಹಣೆ ಗುಳ್ಳೆ ಎಣ್ಣೆ ಇಳಿದು ರಂಧ್ರ ಕಟ್ಟಿಕೊಂಡು ಬಂದಿದ್ದು. ಹೊಟ್ಟು ನಾನು ಮೇಲೆ ಹೇಳಿದ್ದು. ಕೂದಲು ಉದುರೋದು ಮಾತ್ರ ಡೆಂಗ್ಯೂದು, ಜ್ವರ ಆದಾಗ ತುಂಬ ಕೂದಲು ಒಟ್ಟಿಗೆ ಬೆಳೆಯೋದು ನಿಲ್ಲಿಸ್ತವೆ, ಆದ್ರೆ ಉದುರೋದು ಎರಡು ಮೂರು ತಿಂಗಳು ಬಿಟ್ಟು, ಅದಕ್ಕೇ ಯಾರಿಗೂ ಜ್ವರ ನೆನಪಾಗಲ್ಲ, ನೀರಿನ ಮೇಲೆ ಎಣ್ಣೆ ಮೇಲೆ ತಪ್ಪು ಹೊರಿಸ್ತಾರೆ. ಹೆರಿಗೆ ಆದ್ಮೇಲೆ, ಊಟ ಬಿಟ್ಟು ತೂಕ ಇಳಿಸಿದ್ಮೇಲೆ ಆಗೋದೂ ಇದೇ. ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಬುಡಕ್ಕೆ ಎಣ್ಣೆ ನಿಲ್ಲಿಸಿ ಅಂದ್ರು, ಆ ಶಿಲೀಂಧ್ರ ಕಮ್ಮಿ ಮಾಡೋ 2 ಪರ್ಸೆಂಟ್ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ನಾಲ್ಕು ವಾರ ಕೊಟ್ರು, ರಕ್ತದಲ್ಲಿ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ, ನೋಡಿಸಿದ್ರು, ಕಮ್ಮಿ ಇತ್ತು, ಕಬ್ಬಿಣದ ಮಾತ್ರೆ ಬರೆದ್ರು. ತುರಿಕೆ ಎರಡನೇ ವಾರಕ್ಕೆ ನಿಂತಿತು, ಹಣೆ ಕ್ಲಿಯರ್ ಆಗೋಕೆ ಆರು ವಾರ ಬೇಕಾಯ್ತು, ಕೂದಲು ಉದುರೋದು ನಿಂತಿದ್ದು ಜನವರಿಲಿ. ನಿಮಗೂ ಠಾಣೆಗೆ ಬಂದ ಮೇಲೆ ಜ್ವರ, ಟೈಫಾಯ್ಡ್ ಏನಾದ್ರೂ ಆಗಿತ್ತಾ ನೆನಪು ಮಾಡ್ಕೊಳ್ಳಿ.

ಆ ಶಾಂಪೂ ಬಳಸೋದ್ರಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ, ಎಣ್ಣೆ ತಲೆ ಮೇಲೇ ಹಾಕಿ ಎರಡು ನಿಮಿಷದಲ್ಲಿ ತೊಳೆದುಬಿಡ್ತಾರೆ. ಔಷಧಿ ಚರ್ಮಕ್ಕೆ ತಾಗಬೇಕು. ಮೊದಲು ಮಾಮೂಲಿ ಶಾಂಪೂಲಿ ಒಂದು ಸಲ ತೊಳೀರಿ, ಆಮೇಲೆ ಇದನ್ನ ಬುಡಕ್ಕೆ ಹಾಕಿ ನೊರೆ ಬರಿಸಿ ಐದು ನಿಮಿಷ ಬಿಟ್ಟು ತೊಳೀರಿ.

ಇನ್ನು ನೆಲ್ಲಿಕಾಯಿ ಎಣ್ಣೆ. ಅಂಗಡಿ ಬಾಟಲಿ ಹಿಂದೆ ತಿರುಗಿಸಿ ಓದಿ, ತುಂಬ ಬಾಟಲಿಗಳಲ್ಲಿ ಮೊದಲ ಹೆಸರೇ ಮಿನರಲ್ ಆಯಿಲ್ ಅಥವಾ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಂತಿರುತ್ತೆ, ನೆಲ್ಲಿಕಾಯಿ ಸಾರ ಕೊನೆಗೆ ಚೂರು. ಅದು ಕೆಟ್ಟದ್ದಲ್ಲ, ಮೇಲೆ ಜಾರು ಪದರ ಕಟ್ಟಿ ಸಿಕ್ಕು ಬಿಡಿಸುತ್ತೆ, ಹೊಳಪು ಕೊಡುತ್ತೆ, ಆದ್ರೆ ಒಳಗೆ ಹೋಗಲ್ಲ. ಮನೇಲಿ ಮಾಡಿದ್ರೂ ನೆಲ್ಲಿಕಾಯಿಯ ವಿಟಮಿನ್ ಸಿ ನೀರಲ್ಲಿ ಕರಗೋದು, ಎಣ್ಣೆಗೆ ಬರಲ್ಲ. ನಮ್ಮ ಆಯಿ ಕಬ್ಬಿಣದ ಬಾಣಲೆಲಿ ಕಾಯಿಸಿ ಕಪ್ಪಗೆ ಮಾಡ್ತಿದ್ರು, ಆ ಕಪ್ಪು ನೆಲ್ಲಿಯ ಒಗರು ಕಬ್ಬಿಣಕ್ಕೆ ಸೇರಿ ಬಂದಿದ್ದು, ಬಿಳಿ ಕೂದಲು ಅದ್ರಿಂದ ಕಪ್ಪಾಗಲ್ಲ. ಮಾಡೋದಾದ್ರೆ ಚಟಪಟ ಸದ್ದು ಪೂರ್ತಿ ನಿಲ್ಲೋ ತನಕ ಸಣ್ಣ ಉರಿಲಿ ಕಾಯಿಸಿ, ನೀರಿನಂಶ ಉಳಿದ್ರೆ ವಾರದಲ್ಲಿ ಮುಗ್ಗಲು ವಾಸನೆ ಬಂದು ಕೆಡುತ್ತೆ. ಗರಗದ ಸೊಪ್ಪು, ಇಲ್ಲಿ ಮಾಕಾ ಅಂತಾರೆ, ದಾಸವಾಳ, ಇವೆಲ್ಲ ಹಾಕಿದ್ರೂ ಕೆಲಸ ಮಾಡೋದು ಮುಖ್ಯವಾಗಿ ಕೆಳಗಿರೋ ಕೊಬ್ಬರಿ ಎಣ್ಣೆನೇ. ಹರಳೆಣ್ಣೆ ಒಂದನ್ನೇ ಹಚ್ಚಬೇಡಿ, ಅಂಟು ಜಾಸ್ತಿ, ತೊಳೆಯುವಾಗ ಕೂದಲು ಗಂಟು ಬಿದ್ದು ಬಿಡಿಸೋಕೇ ಆಗದ ಹಾಗೆ ಆಗಿದ್ದೂ ಇದೆ.

ಹೊಟ್ಟು ಬಿಟ್ರೆ ಇನ್ನು ಯಾರು ರಾತ್ರಿ ಎಣ್ಣೆ ಹಚ್ಚಬಾರದು ಅಂದ್ರೆ, ಹಣೆ, ಕತ್ತು, ಬೆನ್ನಲ್ಲಿ ಮೊಡವೆ ಬರೋರು, ತಲೇಲಿ ಕೀವು ಗುಳ್ಳೆ ಅಥವಾ ಕೆರೆದು ಗಾಯ ಆಗಿರೋರು, ಕೂದಲು ಬೆಳೆಯಲಿ ಅಂತ ಮಿನಾಕ್ಸಿಡಿಲ್ ಔಷಧಿ ಹಚ್ಚೋರು, ಎಣ್ಣೆ ಮೇಲೆ ಅದು ಸರಿಯಾಗಿ ಚರ್ಮಕ್ಕೆ ಇಳಿಯಲ್ಲ. ಸೋರಿಯಾಸಿಸ್ ಇರೋರದ್ದು ಬೇರೆ, ದಪ್ಪ ಸಿಪ್ಪೆ ಮೆತ್ತಗಾಗಲಿ ಅಂತ ಡಾಕ್ಟರೇ ಎಣ್ಣೆ ಹಚ್ಚಿಸೋದುಂಟು.

ನೀವು ಹೀಗೆ ಮಾಡಿ. ಹೆಗಲು ತನಕ ಕೂದಲಿದ್ರೆ ಎರಡು ಟೀ ಚಮಚ ಎಣ್ಣೆ ಸಾಕು, ಅಂಗೈಲಿ ಉಜ್ಜಿ ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ, ತುದಿಗೆ ಸ್ವಲ್ಪ ಜಾಸ್ತಿ. ಚಳಿಗೆ ಗಟ್ಟಿ ಆಗಿದ್ರೆ ಬಾಟಲಿನ ಬಿಸಿ ನೀರಲ್ಲಿ ಇಡಿ, ಒಲೆ ಮೇಲೆ ಬೇಡ. ಒಂದೆರಡು ಗಂಟೆ ಬಿಟ್ಟು ತೊಳೀರಿ, ತೊಳೆಯುವಾಗ ಶಾಂಪೂನ ಮಗ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ ಹಾಕಿದ್ರೆ ಜಿಡ್ಡು ಬೇಗ ಬಿಡುತ್ತೆ.

ಅಮ್ಮನಿಗೆ ಹೇಳೋಕೆ ಕಷ್ಟ ಆದ್ರೆ ನರಕ ಚತುರ್ದಶಿ ನೆನಪಿಸಿ. ಅವತ್ತು ಎಣ್ಣೆ ಹಚ್ಚೋದು ಬೆಳಗಿನ ಜಾವ, ಆಮೇಲೆ ಸೀಗೆಕಾಯಿ ಹಾಕಿ ತೊಳೆದೇ ಬಿಡ್ತೀವಿ, ಯಾರೂ ಹಿಂದಿನ ರಾತ್ರಿ ಹಚ್ಚಿ ಮಲಗಲ್ಲ. ನಮ್ಮ ಆಯಿಗೆ ನಾನು ಇದನ್ನೇ ಹೇಳಿದ್ದು, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ಲ, ನಮ್ಮ ಕಾಲದಲ್ಲೂ ಎಣ್ಣೆ ನೀರು ಅಂದ್ರೆ ಎರಡೂ ಒಟ್ಟಿಗೇ" ಅಂದ್ರು. ಈಗ ಮೊಮ್ಮಗಳಿಗೆ ಕಳಿಸೋದು ಅರ್ಧ ಲೀಟರ್ ಮಾತ್ರ.